ಯಾರನ್ನೂ ಚುಚ್ಚದ ನೀರಿನ ಘೋಷವಾಕ್ಯ ಬರೆಯುವುದು ಹೇಗೆ? ಅಪಾರ್ಟ್‌ಮೆಂಟ್‌ಗಳಿಗೊಂದು ಸಮಗ್ರ ಮಾರ್ಗದರ್ಶಿ

ಲಿಫ್ಟಿನ ಪಕ್ಕದಲ್ಲಿ "ನೀರೇ ಜೀವ, ಪೋಲು ಮಾಡಬೇಡಿ" ಎಂಬ ಫಲಕ ಹಾಕಿ ತಿಂಗಳು ಕಳೆದರೂ ಮೀಟರ್ ಅಷ್ಟೇ ಓಡುತ್ತಿದೆ ಎಂಬ ದೂರು ಮತ್ತೆ ಮತ್ತೆ ಕೇಳಿಬರುತ್ತದೆ. ಅದಾದ ಮೇಲೆ ಸಮಿತಿಯವರು ಸಿಟ್ಟಿಗೆದ್ದು ಎರಡನೇ ಫಲಕ ಹಾಕುತ್ತಾರೆ. ಅದರಲ್ಲಿ "ಕೆಲವರ ಬೇಜವಾಬ್ದಾರಿಯಿಂದ" ಎಂಬ ಮಾತು ಸೇರಿಕೊಂಡಿರುತ್ತದೆ. ಅಲ್ಲಿಂದ ಮುಂದೆ ಮಾತು ನೀರಿನ ಬಗ್ಗೆ ಇರುವುದಿಲ್ಲ, ಆ "ಕೆಲವರು" ಯಾರು ಎಂಬುದರ ಬಗ್ಗೆ ಇರುತ್ತದೆ.

ಮೊದಲ ಫಲಕ ಏನು ಮಾಡಬೇಕೆಂದು ಹೇಳಲಿಲ್ಲ. ಎರಡನೆಯದು ಯಾರು ತಪ್ಪಿತಸ್ಥರೆಂದು ಹೇಳಲು ಹೊರಟಿತು. ಕೆಲಸ ಮಾಡುವ ಘೋಷವಾಕ್ಯದಲ್ಲಿ ವ್ಯಕ್ತಿ ಇರುವುದಿಲ್ಲ. ಒಂದು ಜಾಗ, ಒಂದು ಗಳಿಗೆ, ಕೈಯಿಂದ ಮಾಡುವ ಒಂದು ಕೆಲಸ, ಇಷ್ಟೇ ಇರುತ್ತದೆ. ಆ ಮೂರನ್ನು ಯಾವ ಕ್ರಮದಲ್ಲಿ ಹುಡುಕಿ ಬರೆಯಬೇಕು ಎಂಬುದನ್ನು ಕೆಳಗೆ ಹೇಳಿದ್ದೇನೆ. ಕ್ರಮ ತಪ್ಪಿಸಬೇಡಿ. ಬಹುತೇಕರು ಎಡವುವುದು ಮೊದಲು ಪ್ರಾಸ ಹುಡುಕಲು ಕೂರುವುದರಿಂದಲೇ.

ಬೇಕಾಗುವ ಸಾಮಾನು

ಒಂದು ಲೀಟರಿನ ಖಾಲಿ ಬಾಟಲಿ, ಮೊಬೈಲಿನ ಸ್ಟಾಪ್‌ವಾಚ್, ಒಂದು ಬಕೆಟ್, ನೋಟ್‌ಬುಕ್, ನೀರು ತಾಗಿದರೂ ಕರಗದ ಮಾರ್ಕರ್, ಅಂಟುವ ಪ್ಲಾಸ್ಟಿಕ್ ಹಾಳೆ. ಇದರ ಜೊತೆಗೆ ಇಬ್ಬರು ಮೂವರು ನೆರೆಹೊರೆಯವರು ಬೇಕು, ಅದೂ ಸಮಿತಿಯಲ್ಲಿ ಇಲ್ಲದವರು. ಡಿಸೈನರ್ ಈ ಹಂತದಲ್ಲಿ ಬೇಡ. ಚೆಂದದ ಚಿತ್ರ ಮೊದಲೇ ಬಂದುಬಿಟ್ಟರೆ ಆಮೇಲೆ ಸಾಲು ಬದಲಾಯಿಸಲು ಯಾರಿಗೂ ಮನಸ್ಸು ಬರುವುದಿಲ್ಲ.

## ಹಂತ 1: ನೀರು ಎಲ್ಲಿ ಹೋಗುತ್ತಿದೆ ಎಂದು ಅಳೆಯಿರಿ

ಅಳತೆಯಿಲ್ಲದೆ ಬರೆದರೆ ಘೋಷವಾಕ್ಯ ತಾನಾಗಿಯೇ ಉಪದೇಶವಾಗುತ್ತದೆ. ಕೈಯಲ್ಲಿ ಹೇಳಲು ವಿಷಯವಿಲ್ಲದಾಗ "ಅಮೂಲ್ಯ", "ಜೀವಜಲ", "ಮುಂದಿನ ಪೀಳಿಗೆ" ಎಂಬ ಪದಗಳು ಬಂದು ಕೂರುತ್ತವೆ.

ಅಳೆಯುವುದು ಸುಲಭ. ನಲ್ಲಿಯನ್ನು ದಿನವೂ ತಿರುಗಿಸುವಷ್ಟೇ ತಿರುಗಿಸಿ, ಬಾಟಲಿ ಹಿಡಿದು, ಒಂದು ಲೀಟರ್ ತುಂಬಲು ಎಷ್ಟು ಸೆಕೆಂಡ್ ಹಿಡಿಯಿತು ನೋಡಿ. ಎಂಟು ಸೆಕೆಂಡ್ ಆದರೆ ನಿಮಿಷಕ್ಕೆ ಏಳೂವರೆ ಲೀಟರ್. ವಾಷ್‌ಬೇಸಿನ್, ಷವರ್, ಸಿಂಕ್ ಮೂರನ್ನೂ ಹೀಗೆ ಅಳೆಯಿರಿ. ಮೇಲಿನ ಮಹಡಿಗೂ ಕೆಳಗಿನ ಮಹಡಿಗೂ ಒತ್ತಡ ಬೇರೆ ಇರುವುದರಿಂದ ಎರಡೂ ಕಡೆ ಅಳೆಯಬೇಕು. ಟ್ಯಾಂಕಿಗೆ ಹತ್ತಿರವಿರುವ ಮಹಡಿಯಲ್ಲಿ ಒತ್ತಡ ಕಡಿಮೆ, ಕೆಳಗೆ ಜಾಸ್ತಿ. ಕೆಳಗಿನ ಮನೆಯವರು ಅದೇ ಐದು ನಿಮಿಷ ನಲ್ಲಿ ತೆರೆದರೂ ಹೆಚ್ಚು ನೀರು ಹೋಗುತ್ತದೆ, ಅದು ಅವರ ತಪ್ಪಲ್ಲ. ಅಳೆದವರಿಗೆ ಮಾತ್ರ ಈ ವಿಷಯ ಗೊತ್ತಾಗುತ್ತದೆ, ಗೊತ್ತಾದ ಮೇಲೆ ಬೈಯುವ ಉತ್ಸಾಹ ಇಳಿಯುತ್ತದೆ.

ಸೋರಿಕೆಯನ್ನೂ ಇದೇ ಹಂತದಲ್ಲಿ ನೋಡಿಬಿಡಿ. ಫ್ಲಶ್ ಟ್ಯಾಂಕಿಗೆ ತಿಂಡಿಗೆ ಹಾಕುವ ಬಣ್ಣ ನಾಲ್ಕು ಹನಿ ಹಾಕಿ, ಕಾಲು ಗಂಟೆ ಫ್ಲಶ್ ಮಾಡದೆ ಬಿಡಿ. ಕಮೋಡಿನಲ್ಲಿ ಬಣ್ಣ ಕಂಡರೆ ಒಳಗಿನ ವಾಲ್ವ್ ಸೋರುತ್ತಿದೆ. ಹೀಗೆ ಸದ್ದಿಲ್ಲದೆ ಸೋರುವ ಒಂದು ಕಮೋಡ್, ಬ್ರಷ್ ಮಾಡುವಾಗ ತೆರೆದಿಟ್ಟ ನಲ್ಲಿಗಿಂತ ಹೆಚ್ಚು ನೀರು ಕಳೆಯಬಲ್ಲದು. ಅದು ಹಗಲಿರುಳೂ ಹರಿಯುತ್ತಿರುತ್ತದಲ್ಲ. ನಿಮ್ಮ ಕಟ್ಟಡದ ಮುಖ್ಯ ನಷ್ಟ ಇದೇ ಆಗಿದ್ದರೆ ಬೇಕಾಗಿರುವುದು ಪ್ಲಂಬರ್. ಘೋಷವಾಕ್ಯ ಅಲ್ಲಿ ಏನೂ ಮಾಡಲಾರದು.

ಎಚ್ಚರಿಕೆಯ ಸೂಚನೆ: "ಯಾವ ಮನೆಯಲ್ಲಿ ಎಷ್ಟು?" ಎಂದು ಯಾರಾದರೂ ಪಟ್ಟಿ ಕೇಳಿದರೆ ಕೊಡಬೇಡಿ. ಹಾಸಿಗೆ ಹಿಡಿದವರಿರುವ ಮನೆ, ಎಳೆ ಮಗುವಿರುವ ಮನೆ, ಹೆಚ್ಚು ಜನರಿರುವ ಮನೆಗಳಲ್ಲಿ ನೀರು ಹೆಚ್ಚು ಬೇಕೇಬೇಕು. ಅಂಕಿ ಮಾತ್ರ ಗೋಡೆಗೆ ಬಂದರೆ ಕಾರಣ ಮನೆಯೊಳಗೇ ಉಳಿಯುತ್ತದೆ.

## ಹಂತ 2: ಒಂದೇ ಅಭ್ಯಾಸ ಆರಿಸಿ, ಅದರ ಕಾರಣ ಕೇಳಿ

ಹತ್ತು ಅಭ್ಯಾಸಗಳ ಪಟ್ಟಿ ಹಾಕಿದರೆ ಒಂದೂ ನೆನಪಿನಲ್ಲಿ ಉಳಿಯುವುದಿಲ್ಲ. ಒಂದು ಹೊತ್ತಿಗೆ ಒಂದೇ ಇರಲಿ. ಆರಿಸುವಾಗ ಮೂರು ಪ್ರಶ್ನೆ ಹಾಕಿಕೊಳ್ಳಿ. ಅದು ಬಹುತೇಕ ಮನೆಗಳಲ್ಲಿ ದಿನವೂ ನಡೆಯುತ್ತದೆಯೇ? ಹೊಸ ಸಾಮಾನು ಕೊಳ್ಳದೆ ಮಾಡಲು ಬರುತ್ತದೆಯೇ? ಮಾಡಲು ಅರ್ಧ ನಿಮಿಷಕ್ಕಿಂತ ಕಡಿಮೆ ಸಾಕೇ? ಮೂರಕ್ಕೂ ಹೌದು ಎಂದಾದರೆ ಮುಂದುವರಿಯಿರಿ.

ಆಮೇಲೆ ಜನ ಈಗ ಹಾಗೇಕೆ ಮಾಡುತ್ತಿದ್ದಾರೆ ಎಂದು ವಿಚಾರಿಸಿ. ಪಾತ್ರೆ ಉಜ್ಜುವಾಗ ನಲ್ಲಿ ತೆರೆದಿಡುವವರನ್ನು ಕೇಳಿ ನೋಡಿ, "ಕೈಯೆಲ್ಲ ಸೋಪು, ಹಿಡಿ ಜಾರುತ್ತದೆ" ಎನ್ನುತ್ತಾರೆ. ಅವರಿಗೆ ನೀರಿನ ಬಗ್ಗೆ ತಾತ್ಸಾರವಿಲ್ಲ. ಕೈ ಜಾರುತ್ತದೆ, ಅಷ್ಟೇ. ಹಾಗಿರುವಾಗ "ನಲ್ಲಿ ಮುಚ್ಚಿ" ಎಂಬ ಸಾಲು ಬರೆದು ಪ್ರಯೋಜನವಿಲ್ಲ. ಎಲ್ಲ ಪಾತ್ರೆ ಉಜ್ಜಿ ಪಕ್ಕಕ್ಕಿಟ್ಟು ಕೊನೆಯಲ್ಲಿ ಒಟ್ಟಿಗೆ ತೊಳೆಯುವ ಕ್ರಮ ಹೇಳಿದರೆ ಹಿಡಿ ಮುಟ್ಟುವ ಸಂದರ್ಭವೇ ಕಡಿಮೆಯಾಗುತ್ತದೆ. ಅನೇಕ ಮನೆಗಳಲ್ಲಿ ಈ ಕೆಲಸ ಮಾಡುವವರು ಸಂಬಳಕ್ಕೆ ಬರುವವರು. ಸಿಂಕಿನ ಮೇಲಿನ ಸಾಲು ಅವರ ಮೇಲೆ ಕಣ್ಣಿಟ್ಟಂತೆ ಇರಬಾರದು. ಆದ್ದರಿಂದ ಅವರನ್ನೂ ಕೇಳಿಯೇ ಬರೆಯಿರಿ.

## ಹಂತ 3: ಮೊದಲು ನೀರಸವಾಗಿ ಬರೆಯಿರಿ

ಪ್ರಾಸ, ಚಮತ್ಕಾರ ಏನೂ ಬೇಡ. "ಇಂಥ ಹೊತ್ತಿನಲ್ಲಿ, ಇಂಥ ಜಾಗದಲ್ಲಿ, ಇದನ್ನು ಮಾಡಿದರೆ ಸಾಕು" ಎಂದು ಒಂದು ಸಾದಾ ವಾಕ್ಯ. ಒಂದು ಉದಾಹರಣೆಯನ್ನು ಕೊನೆಯವರೆಗೂ ಹಿಡಿದುಕೊಂಡು ಹೋಗೋಣ: ಬಿಸಿನೀರಿಗಾಗಿ ಕಾಯುವುದು.

ಷವರಿನ ಬಿಸಿನೀರಿನ ನಲ್ಲಿ ತಿರುಗಿಸಿದ ಕೂಡಲೇ ಬಿಸಿ ಬರುವುದಿಲ್ಲ. ಗೀಸರಿನಿಂದ ನಲ್ಲಿಯವರೆಗಿನ ಪೈಪಿನಲ್ಲಿ ತಣ್ಣಗಾಗಿ ನಿಂತ ನೀರು ಮೊದಲು ಹೊರಬರಬೇಕು. ಒಂದು ಲೀಟರ್ ತುಂಬಲು ಎಂಟು ಸೆಕೆಂಡ್ ಹಿಡಿಯುವ ಷವರಿನಲ್ಲಿ ನಲವತ್ತು ಸೆಕೆಂಡ್ ಕಾದರೆ ಐದು ಲೀಟರ್ ಶುದ್ಧ ನೀರು ಮೋರಿಗೆ ಹೋಯಿತು. ಅರವತ್ತು ಮನೆಗಳ ಕಟ್ಟಡದಲ್ಲಿ ಬೆಳಗಿನ ಮೊದಲ ಸ್ನಾನಕ್ಕೆ ಮಾತ್ರ ಲೆಕ್ಕ ಹಾಕಿದರೂ ಮುನ್ನೂರು ಲೀಟರ್. ಮನೆಯಲ್ಲಿ ನಾಲ್ಕು ಜನ ಇದ್ದಾರೆಂದು ನಾಲ್ಕರಿಂದ ಗುಣಿಸಬೇಡಿ. ಮೊದಲನೆಯವರ ಹಿಂದೆಯೇ ಎರಡನೆಯವರು ಹೋದರೆ ಪೈಪು ಇನ್ನೂ ಬೆಚ್ಚಗಿರುತ್ತದೆ. ಹಿಗ್ಗಿಸಿದ ಲೆಕ್ಕವನ್ನು ಕಟ್ಟಡದಲ್ಲಿ ಯಾರಾದರೊಬ್ಬರು ಹಿಡಿದೇ ಹಿಡಿಯುತ್ತಾರೆ, ಆಮೇಲೆ ನಿಮ್ಮ ಸರಿಯಾದ ಅಂಕಿಯನ್ನೂ ನಂಬುವುದಿಲ್ಲ.

ಈ ಅಭ್ಯಾಸವನ್ನು ಮೊದಲ ಘೋಷವಾಕ್ಯಕ್ಕೆ ಆರಿಸಲು ನಾನು ಹೇಳುವುದಕ್ಕೆ ಕಾರಣವಿದೆ. ಇಲ್ಲಿ ತಪ್ಪಿತಸ್ಥರೇ ಇಲ್ಲ, ಇರುವುದು ಪೈಪಿನ ಉದ್ದ ಮಾತ್ರ. ನಾಚಿಸುವ ಪ್ರಶ್ನೆಯೇ ಏಳುವುದಿಲ್ಲ.

ನೀರಸ ವಾಕ್ಯ ಹೀಗಾಯಿತು: "ಸ್ನಾನಕ್ಕೆ ಮೊದಲು ಬಿಸಿನೀರು ಬರುವವರೆಗೆ ಷವರಿನ ಕೆಳಗೆ ಬಕೆಟ್ ಇಟ್ಟು ತಣ್ಣೀರನ್ನು ಹಿಡಿದುಕೊಳ್ಳಿ."

## ಹಂತ 4: ಚುಚ್ಚುವ ಮುಳ್ಳುಗಳನ್ನು ತೆಗೆಯಿರಿ

ನಾಚಿಸುವ ಮಾತು ಬೈಗುಳದ ರೂಪದಲ್ಲೇ ಬರಬೇಕೆಂದಿಲ್ಲ. ಅದು ಅಡಗಿ ಕೂರುವ ಜಾಗಗಳು ಇವು.

ಪ್ರಶ್ನೆಯ ರೂಪ: "ನಿಮ್ಮ ನಲ್ಲಿ ಮುಚ್ಚಿದ್ದೀರಾ?" ಇದು ವಿಚಾರಣೆಯಂತೆ ಕೇಳುತ್ತದೆ. ಮಕ್ಕಳ ಹೆಸರು ಎತ್ತುವುದು: "ನಿಮ್ಮ ಮಕ್ಕಳಿಗೆ ಏನು ಉತ್ತರ ಕೊಡುತ್ತೀರಿ?" ಅಳುವ ನೀರಹನಿಯ ಚಿತ್ರ. "ವಿದ್ಯಾವಂತರಾದ ನಾವು" ಎಂಬ ಶುರು. "ದಯವಿಟ್ಟು" ಸೇರಿಸಿದರೆ ಮುಳ್ಳು ಹೋಗುತ್ತದೆ ಎಂದು ಕೆಲವರು ನಂಬಿದ್ದಾರೆ. "ದಯವಿಟ್ಟು ಮನುಷ್ಯರಂತೆ ವರ್ತಿಸಿ" ಎಂದು ಒಮ್ಮೆ ಜೋರಾಗಿ ಓದಿಕೊಳ್ಳಿ, ಹೋಗುವುದಿಲ್ಲ ಎಂದು ತಿಳಿಯುತ್ತದೆ.

ಇನ್ನೊಂದು ಮುಳ್ಳು ಸಾಲಿನ ಕೆಲಸವನ್ನೇ ಕೆಡಿಸುತ್ತದೆ: "ಎಷ್ಟೋ ಜನ ನೀರು ಪೋಲು ಮಾಡುತ್ತಿದ್ದಾರೆ." ಇದನ್ನು ಓದಿದವರ ತಲೆಗೆ ಹೋಗುವುದು "ಎಲ್ಲರೂ ಮಾಡುತ್ತಾರೆ" ಎಂಬ ಸುದ್ದಿ. ಅಮೆರಿಕದ ಅರಿಜೋನಾದಲ್ಲಿರುವ ಪೆಟ್ರಿಫೈಡ್ ಫಾರೆಸ್ಟ್ ರಾಷ್ಟ್ರೀಯ ಉದ್ಯಾನದಲ್ಲಿ ಮನಶ್ಶಾಸ್ತ್ರಜ್ಞ ರಾಬರ್ಟ್ ಚಿಯಾಲ್ದೀನಿ ಮತ್ತು ಸಂಗಡಿಗರು ಇದನ್ನು ಪರೀಕ್ಷಿಸಿದ್ದರು. ಹಿಂದೆ ಬಂದವರಲ್ಲಿ ಅನೇಕರು ಕಲ್ಲಾದ ಮರದ ತುಂಡುಗಳನ್ನು ಒಯ್ದಿದ್ದಾರೆ ಎಂದು ಬರೆದ ಫಲಕದ ಹತ್ತಿರ ಕಳವು ಜಾಸ್ತಿಯಾಯಿತು. ಒಯ್ಯಬೇಡಿ ಎಂದಷ್ಟೇ ಕೇಳಿಕೊಂಡ ಫಲಕದ ಹತ್ತಿರ ಕಡಿಮೆ ಇತ್ತು. ತಪ್ಪು ಮಾಡುವವರ ಸಂಖ್ಯೆಯನ್ನು ನೀವೇ ಸಾರಬೇಡಿ.

ಪರೀಕ್ಷಿಸುವ ಬಗೆ ಸರಳ. ಸಾಲನ್ನು ಓದಿದಾಗ ನಿಮ್ಮ ಮನಸ್ಸಿಗೆ ಯಾವುದಾದರೂ ಮನೆ ನಂಬರ್ ಬಂತೇ? ಬಂದರೆ ಆ ಸಾಲನ್ನು ಬಿಟ್ಟುಬಿಡಿ. ಬೇರೆಯವರಿಗೂ ಅದೇ ನಂಬರ್ ಬರುತ್ತದೆ.

## ಹಂತ 5: ಕ್ರಿಯಾಪದ ಸರಿಪಡಿಸಿ, ಆಮೇಲೆ ಪ್ರಾಸ

ಇಲ್ಲಿ ಸ್ವಲ್ಪ ಹೊತ್ತು ಕಳೆಯಬೇಕು. ಕನ್ನಡದಲ್ಲಿ ಆಜ್ಞೆ ಮಾಡದೆ ಕೆಲಸ ಹೇಳಲು ಬೇಕಾದಷ್ಟು ದಾರಿಗಳಿವೆ, ನಾವು ಫಲಕ ಬರೆಯುವಾಗ ಮಾತ್ರ ಅವನ್ನು ಮರೆತು "ಬೇಡಿ, ಬೇಡಿ" ಎಂದು ಸಾಲು ಸಾಲಾಗಿ ಬರೆಯುತ್ತೇವೆ.

"ಬಕೆಟ್ ಇಡಿ" ಎಂದರೆ ಯಾರೋ ಯಾರಿಗೋ ಹೇಳಿದಂತಾಯಿತು. "ಬಕೆಟ್ ಇರಲಿ" ಎಂದರೆ ಹೇಳಿದವರೂ ಇಲ್ಲ, ಹೇಳಿಸಿಕೊಂಡವರೂ ಇಲ್ಲ. ಮನೆಯ ಹಿರಿಯರೊಬ್ಬರು ಹಾದುಹೋಗುತ್ತಾ ಅಂದ ಹಾಗಿರುತ್ತದೆ. "ಸಾಕು" ಕೂಡ ಹೀಗೆಯೇ ಹಗುರ: "ಒಂದು ಬಕೆಟ್ ಸಾಕು." ಎಲ್ಲರೂ ಸೇರಿ ಮಾಡುವ ಕೆಲಸಕ್ಕೆ "-ಓಣ" ಚೆನ್ನ, ಆದರೆ ಜಾಗ ನೋಡಿ ಬಳಸಿ. ಬಾತ್‌ರೂಮಿನ ಗೋಡೆಯ ಮೇಲೆ "ಬೇಗ ಸ್ನಾನ ಮುಗಿಸೋಣ" ಎಂದು ಬರೆದರೆ ಏನಾಗುತ್ತದೆ ಎಂದು ವಿವರಿಸಬೇಕಿಲ್ಲ.

"ಬೇಡಿ" ಬಂದಲ್ಲೆಲ್ಲ ಅದರ ಬದಲಿಗೆ ಏನು ಮಾಡಬೇಕು ಎಂದು ಕೇಳಿಕೊಳ್ಳಿ. "ಪೈಪ್ ಹಿಡಿದು ಕಾರು ತೊಳೆಯಬೇಡಿ" ಎಂಬುದು "ಕಾರಿಗೆ ಒಂದು ಬಕೆಟ್, ಒಂದು ಬಟ್ಟೆ" ಆಗುತ್ತದೆ.

ಈಗ ನಮ್ಮ ಬಿಸಿನೀರಿನ ಸಾಲು. "ಷವರಿನ ಕೆಳಗೆ" ಬೇಕಿಲ್ಲ, ಫಲಕ ಇರುವುದೇ ಅಲ್ಲಿ. "ಸ್ನಾನಕ್ಕೆ ಮೊದಲು" ಬೇಕಿಲ್ಲ, ಓದುವವರು ಅದಕ್ಕೇ ಬಂದಿದ್ದಾರೆ. "ತಣ್ಣೀರನ್ನು ಹಿಡಿದುಕೊಳ್ಳಿ" ಬೇಕಿಲ್ಲ, ಬಕೆಟ್ ಇರುವುದೇ ಹಿಡಿಯಲು. ಉಳಿದದ್ದು: "ಬಿಸಿನೀರು ಬರುವವರೆಗೆ ಬಕೆಟ್ ಇಡಿ." ಕ್ರಿಯಾಪದ ಬದಲಿಸಿ, ಮಾತಿಗೆ ಹತ್ತಿರ ತಂದರೆ:

ಬಿಸಿ ಬರುವ ತನಕ ಬಕೆಟ್ ಇರಲಿ.

ಮೂರು "ಬ"ಗಳು ತಾವಾಗಿಯೇ ಬಂದು ಕೂತಿವೆ. ಪ್ರಾಸ ಬರಬೇಕಾದ್ದು ಹೀಗೆ, ಸಾಲು ಸಣ್ಣದಾಗುತ್ತಾ ಹೋದಂತೆ. ಅಂತ್ಯಪ್ರಾಸಕ್ಕಾಗಿ ಎರಡನೇ ಸಾಲು ಎಳೆದು ತರುವುದಕ್ಕಿಂತ ಎರಡನೇ ಅಕ್ಷರದ ಹಳೆಯ ಪ್ರಾಸವೋ ಮೊದಲಕ್ಷರದ ಹೊಂದಿಕೆಯೋ ಫಲಕಕ್ಕೆ ಒಗ್ಗುತ್ತದೆ. "ಹಲ್ಲಿಗೆ ಬ್ರಷ್, ನಲ್ಲಿಗೆ ರಜೆ" ಎಂಬುದರಲ್ಲಿ ಆ ಎರಡನೇ ಅಕ್ಷರದ ಬಿಗಿ ಇದೆ. ಗೋಡೆಯ ಹಲ್ಲಿಗೆ ಬ್ರಷ್ ಯಾಕೆ ಎಂದು ಮಕ್ಕಳು ನಗುತ್ತಾರೆ. ನಗಲಿ, ಆ ಸಾಲನ್ನು ಮನೆಯಲ್ಲೆಲ್ಲ ಹೇಳಿಕೊಂಡು ತಿರುಗುವವರೂ ಅವರೇ.

ಸಾಲಿನಲ್ಲಿ ಅಂಕಿ ಬೇಕೆನಿಸಿದರೆ ನೀವೇ ಅಳೆದದ್ದು ಮಾತ್ರ ಇರಲಿ, ಅದೂ ಪೈಪಿನ ಬಗ್ಗೆ: "ಇಲ್ಲಿ ಬಿಸಿಗಿಂತ ಮೊದಲು 5 ಲೀಟರ್ ತಣ್ಣೀರು ಬರುತ್ತದೆ." ಓದಿದವರು ಬೇಕಾದರೆ ತಾವೇ ಬಕೆಟ್ ಇಟ್ಟು ಪರೀಕ್ಷಿಸಿಕೊಳ್ಳಬಹುದು.

## ಹಂತ 6: ಸಾಲು ಹುಟ್ಟಿಸುವ ಮುಂದಿನ ಪ್ರಶ್ನೆಗೆ ಉತ್ತರ ಸಿದ್ಧವಿರಲಿ

ಬಕೆಟ್ ತುಂಬಿತು, ಆಮೇಲೆ? ಈ ಉತ್ತರವಿಲ್ಲದೆ ಎಷ್ಟೋ ಪ್ರಚಾರಗಳು ವಾರದೊಳಗೆ ನಿಲ್ಲುತ್ತವೆ. ಜನ ಒಂದೆರಡು ದಿನ ಬಕೆಟ್ ಇಡುತ್ತಾರೆ, ತುಂಬಿದ ಬಕೆಟ್ ಕಾಲಿಗೆ ಅಡ್ಡ ಬರುತ್ತದೆ, ಮೂರನೇ ದಿನ ಅದನ್ನು ಮೋರಿಗೇ ಚೆಲ್ಲುತ್ತಾರೆ. ಆ ನೀರು ಸ್ವಚ್ಛವಾಗಿಯೇ ಇರುತ್ತದೆ. ಅದೇ ಸ್ನಾನಕ್ಕೆ ಬೆರೆಸಿಕೊಳ್ಳಬಹುದು, ನೆಲ ಒರೆಸಬಹುದು, ಕಮೋಡಿಗೆ ಸುರಿಯಬಹುದು. ಹಾಗಾಗಿ ನೆಲ ಒರೆಸುವ ಸಾಮಾನು ಇಡುವ ಜಾಗದಲ್ಲಿ ಎರಡನೇ ಸಣ್ಣ ಚೀಟಿ: "ಬಕೆಟ್ಟಿನಲ್ಲಿ ನೀರಿದ್ದರೆ ಮೊದಲು ಅದೇ."

ಇಲ್ಲಿ ಎರಡು ಎಚ್ಚರಿಕೆ ಹೇಳದೆ ಬಿಡುವಂತಿಲ್ಲ. ತೆವಳುವ ಅಥವಾ ಈಗಷ್ಟೇ ನಡೆಯುವ ಮಗುವಿರುವ ಮನೆಯಲ್ಲಿ ನೀರು ತುಂಬಿದ ಬಕೆಟ್ ನೆಲದ ಮೇಲೆ ಬಿಡುವುದು ಅಪಾಯ. ಕೆಲವೇ ಅಂಗುಲ ನೀರಿನಲ್ಲೂ ಮಗು ಮುಳುಗಬಹುದು. ಅಂಥ ಮನೆಗಳಲ್ಲಿ ನೀರನ್ನು ಕೂಡಲೇ ಬಳಸಿ ಬಕೆಟ್ ಖಾಲಿ ಮಾಡಬೇಕು, ಇಲ್ಲವೇ ಈ ಅಭ್ಯಾಸವನ್ನೇ ಬಿಡಬೇಕು. ಎರಡನೆಯದು, ನೀರನ್ನು ದಿನಗಟ್ಟಲೆ ತೆರೆದಿಟ್ಟರೆ ಸೊಳ್ಳೆ ಮೊಟ್ಟೆಯಿಡುತ್ತದೆ. ಅಂದಿನದು ಅಂದೇ ಮುಗಿಯಬೇಕು. ಈ ಮಾತುಗಳನ್ನು ಘೋಷವಾಕ್ಯದೊಳಗೆ ತುರುಕಬೇಡಿ. ಸ್ಟಿಕ್ಕರ್ ಹಂಚುವಾಗ ಬಾಯಲ್ಲಿ ಹೇಳಿ, ಅದರ ಹಿಂಬದಿಯಲ್ಲಿ ಸಣ್ಣದಾಗಿ ಬರೆಯಿರಿ.

ಸೋರಿಕೆಯ ಸಾಲಿಗೂ ಇದೇ ನಿಯಮ. "ನಲ್ಲಿ ತೊಟ್ಟಿಕ್ಕುತ್ತಿದೆಯೇ? ಒಂದು ಮೆಸೇಜ್ ಸಾಕು" ಎಂದು ಹಾಕುವ ಮೊದಲು ಆ ಮೆಸೇಜ್ ಯಾರಿಗೆ ಹೋಗುತ್ತದೆ, ಎಷ್ಟು ದಿನದಲ್ಲಿ ಪ್ಲಂಬರ್ ಬರುತ್ತಾರೆ ಎಂಬುದು ತೀರ್ಮಾನವಾಗಿರಬೇಕು. ಮೆಸೇಜ್ ಕಳಿಸಿ ಯಾರೂ ಬರದಿದ್ದರೆ ಆ ಫಲಕವೇ ನಗೆಪಾಟಲಾಗುತ್ತದೆ.

## ಹಂತ 7: ಮೂವರ ಮುಂದೆ ಓದಿ ನೋಡಿ

ಸಾಲನ್ನು ಕೈಯಲ್ಲೇ ಬರೆದು ತೋರಿಸಿ. "ಚೆನ್ನಾಗಿದೆಯಾ?" ಎಂದು ಕೇಳಬೇಡಿ, ಎಲ್ಲರೂ ಚೆನ್ನಾಗಿದೆ ಎನ್ನುತ್ತಾರೆ. "ಇದನ್ನು ಓದಿ ಏನು ಮಾಡುತ್ತೀರಿ?" ಎಂದು ಕೇಳಿ. "ನೀರು ಉಳಿಸುತ್ತೇನೆ" ಎಂಬ ಉತ್ತರ ಬಂದರೆ ಸಾಲು ಇನ್ನೂ ಮಸುಕಾಗಿದೆ. "ಬಕೆಟ್ ಇಡುತ್ತೇನೆ" ಎಂದರೆ ಗೆದ್ದಿರಿ. ಆಮೇಲೆ ಕೇಳಿ, "ಇದು ಯಾರಿಗೆ ಬರೆದದ್ದು ಅನಿಸುತ್ತದೆ?" ಉತ್ತರವಾಗಿ ನಗು ಬಂದರೆ, ಅಥವಾ ಧ್ವನಿ ತಗ್ಗಿಸಿ ಒಂದು ಹೆಸರು ಬಂದರೆ, ನಾಲ್ಕನೇ ಹಂತಕ್ಕೆ ವಾಪಸ್ಸು.

ಕೇಳುವ ಮೂವರಲ್ಲಿ ಒಬ್ಬರು ವಯಸ್ಸಾದವರು, ಒಬ್ಬರು ಶಾಲೆಗೆ ಹೋಗುವ ಮಗು, ಒಬ್ಬರು ಕಟ್ಟಡದಲ್ಲಿ ಕೆಲಸ ಮಾಡುವವರು ಇದ್ದರೆ ಸಾಕು.

## ಹಂತ 8: ಕೈ ಹೋಗುವ ಜಾಗದಲ್ಲಿ ಅಂಟಿಸಿ

ಲಿಫ್ಟಿನಲ್ಲಿ ಎಲ್ಲರೂ ಓದುತ್ತಾರೆ ನಿಜ, ಆದರೆ ಅಲ್ಲಿ ನಲ್ಲಿ ಇಲ್ಲ. ಮನೆಗೆ ಹೋಗುವಷ್ಟರಲ್ಲಿ ಮರೆತಿರುತ್ತಾರೆ. ಸಾಲು ಇರಬೇಕಾದ್ದು ಕೆಲಸ ನಡೆಯುವ ಜಾಗದ ಒಂದು ಮೊಳದೊಳಗೆ: ಕನ್ನಡಿಯ ಮೂಲೆ, ಷವರಿನ ಹಿಡಿಯ ಪಕ್ಕ, ವಾಷಿಂಗ್ ಮಷೀನಿನ ಮುಚ್ಚಳ. ಮನೆಯೊಳಗೆ ನೀವು ಹೋಗಿ ಅಂಟಿಸುವಂತಿಲ್ಲ. ಅಂಗೈ ಅಗಲದ ಸ್ಟಿಕ್ಕರ್ ಬಾಗಿಲಿಗೆ ತಲುಪಿಸಿ, ಅಂಟಿಸುವುದು ಬಿಡುವುದು ಅವರಿಗೆ ಬಿಟ್ಟದ್ದು. ಯಾರ ಮನೆಯಲ್ಲಿ ಅಂಟಿಸಿಲ್ಲ ಎಂದು ವಿಚಾರಿಸಲು ಹೋದರೆ ಇಷ್ಟು ಹೊತ್ತಿನ ಕಷ್ಟವೆಲ್ಲ ವ್ಯರ್ಥ.

ಮುದ್ರಿಸುವಾಗ ಕನ್ನಡಕ್ಕೆಂದೇ ಒಂದು ಕಿವಿಮಾತು. ಎರಡು ಸಾಲು ಒತ್ತೊತ್ತಾಗಿ ಇಟ್ಟರೆ ಮೇಲಿನ ಸಾಲಿನ ಒತ್ತಕ್ಷರಗಳು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತವೆ, ಕನ್ನಡಕ ತೆಗೆದಿಟ್ಟು ಸ್ನಾನಕ್ಕೆ ಬಂದವರಿಗೆ ಏನೂ ತಿಳಿಯುವುದಿಲ್ಲ. ಸಾಲುಗಳ ನಡುವೆ ಧಾರಾಳ ಜಾಗ ಬಿಡಿ, ಅಲಂಕಾರದ ಲಿಪಿ ಬಿಟ್ಟುಬಿಡಿ.

ಒಂದೊಂದು ಜಾಗಕ್ಕೆ ಹೊಂದುವ ಸಾಲುಗಳು ಇಲ್ಲಿವೆ. ನಿಮ್ಮ ಅಳತೆಗೆ ಒಗ್ಗುವಂತೆ ಬದಲಿಸಿಕೊಳ್ಳಿ.

- ವಾಷ್‌ಬೇಸಿನ್: "ಹಲ್ಲಿಗೆ ಬ್ರಷ್, ನಲ್ಲಿಗೆ ರಜೆ."
- ಸಿಂಕ್: "ಎಲ್ಲ ಉಜ್ಜಿ ಆಯಿತೇ? ಈಗ ನಲ್ಲಿ."
- ಎರಡು ಗುಂಡಿಯ ಫ್ಲಶ್: "ಸಣ್ಣದಕ್ಕೆ ಸಣ್ಣ ಗುಂಡಿ." ಎರಡರಲ್ಲಿ ಯಾವುದು ಸಣ್ಣದೆಂದು ಗೊತ್ತಿಲ್ಲದವರು ಬಹಳ, ಆದ್ದರಿಂದ ಬಾಣದ ಗುರುತೂ ಇರಲಿ.
- ವಾಷಿಂಗ್ ಮಷೀನ್: "ಬುಟ್ಟಿ ತುಂಬಲಿ, ಆಮೇಲೆ ಮಷೀನ್."
- ಕುಡಿಯುವ ನೀರಿನ ಆರ್‌ಓ ಫಿಲ್ಟರ್: "ಫಿಲ್ಟರಿಗೆ ಬೇಡದ ನೀರು ನೆಲ ಒರೆಸಲು ಸಾಕು." ಈ ನೀರಿನಲ್ಲಿ ಲವಣ ಹೆಚ್ಚು. ಕುಂಡದ ಗಿಡಗಳಿಗೆ ದಿನವೂ ಹಾಕಿದರೆ ಮಣ್ಣಿನಲ್ಲಿ ಉಪ್ಪು ಸೇರುತ್ತದೆ, ಹಾಗಾಗಿ "ಗಿಡಕ್ಕೆ ಹಾಕಿ" ಎಂದು ಬರೆಯಬೇಡಿ.
- ಪಾರ್ಕಿಂಗ್: "ಕಾರಿಗೆ ಒಂದು ಬಕೆಟ್, ಒಂದು ಬಟ್ಟೆ."

## ಹಂತ 9: ಇಡೀ ಕಟ್ಟಡದ ಮೀಟರ್ ನೋಡಿ

ಸ್ಟಿಕ್ಕರ್ ಹಂಚುವ ಹಿಂದಿನ ವಾರ ಮತ್ತು ಹಂಚಿದ ಮೇಲಿನ ವಾರಗಳಲ್ಲಿ ದಿನವೂ ಒಂದೇ ಹೊತ್ತಿಗೆ ಮುಖ್ಯ ಮೀಟರ್ ಓದಿ ಬರೆದಿಡಿ. ಭಾನುವಾರವನ್ನು ಭಾನುವಾರದೊಂದಿಗೆ, ಸೋಮವಾರವನ್ನು ಸೋಮವಾರದೊಂದಿಗೆ ಹೋಲಿಸಿ. ರಜೆ, ಸೆಖೆ, ಮಳೆ ಇದ್ದ ದಿನಗಳ ಪಕ್ಕದಲ್ಲಿ ಗುರುತು ಹಾಕಿ. ಕೆಲವು ನೂರು ಲೀಟರಿನ ವ್ಯತ್ಯಾಸ ದಿನನಿತ್ಯದ ಏರಿಳಿತದಲ್ಲೇ ಮುಚ್ಚಿಹೋಗಬಹುದು. ಆಗ ಮೀಟರಿಗಿಂತ ನೇರವಾದ ಪ್ರಶ್ನೆ ಹೆಚ್ಚು ತಿಳಿಸುತ್ತದೆ: ಸ್ಟಿಕ್ಕರ್ ಇನ್ನೂ ಗೋಡೆಯ ಮೇಲಿದೆಯೇ, ಬಕೆಟ್ ಇನ್ನೂ ಷವರಿನ ಕೆಳಗಿದೆಯೇ?

ಸರಾಸರಿ ಅಂಕಿಯನ್ನು ಮನೆಮನೆಗೆ ಕಳಿಸುವ ಆಸೆ ಬರುತ್ತದೆ, ತಡೆದುಕೊಳ್ಳಿ. ಕ್ಯಾಲಿಫೋರ್ನಿಯಾದ ಮನೆಗಳ ವಿದ್ಯುತ್ ಬಳಕೆಯ ಮೇಲೆ 2007ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ನೆರೆಹೊರೆಯ ಸರಾಸರಿ ತಿಳಿಸಿದಾಗ ಹೆಚ್ಚು ಬಳಸುತ್ತಿದ್ದವರು ಕಡಿಮೆ ಮಾಡಿದರು, ಆದರೆ ಅದುವರೆಗೆ ಕಡಿಮೆ ಬಳಸುತ್ತಿದ್ದವರು ಹೆಚ್ಚಿಸಿಕೊಂಡರು. ಅಂಕಿಯ ಪಕ್ಕದಲ್ಲಿ ಮೆಚ್ಚುಗೆಯ ನಗುಮುಖ ಇಟ್ಟಾಗ ಮಾತ್ರ ಆ ಏರಿಕೆ ಕಾಣಲಿಲ್ಲ. ಅಪಾರ್ಟ್‌ಮೆಂಟಿಗೆ ಒಟ್ಟು ಕಟ್ಟಡದ ಒಂದೇ ಅಂಕಿ ಸಾಕು.

## ಹಂತ 10: ಸಾಲು ಗೋಡೆಯಾಗುವ ಮೊದಲು ಬದಲಿಸಿ

ಕೆಲವು ವಾರಗಳ ನಂತರ ಕಣ್ಣು ಆ ಸ್ಟಿಕ್ಕರನ್ನು ನೋಡುವುದನ್ನು ನಿಲ್ಲಿಸುತ್ತದೆ. ಅಷ್ಟರಲ್ಲಿ ಬಕೆಟ್ ಇಡುವುದು ರೂಢಿಯಾಗಿದ್ದರೆ ಆ ಸಾಲನ್ನು ತೆಗೆದು ಇನ್ನೊಂದು ಜಾಗದ ಅಭ್ಯಾಸಕ್ಕೆ ಹೋಗಿ. ರೂಢಿಯಾಗಿಲ್ಲದಿದ್ದರೆ ದಪ್ಪ ಅಕ್ಷರದಲ್ಲಿ ಮತ್ತೆ ಮುದ್ರಿಸಬೇಡಿ, ಎರಡನೇ ಹಂತಕ್ಕೆ ಹಿಂತಿರುಗಿ. ಬಕೆಟ್ ಇಡಲು ಜಾಗವಿಲ್ಲದ ಗಾಜಿನ ಷವರ್ ಕೋಣೆ ಇರಬಹುದು, ಬಕೆಟ್ ಎತ್ತಲಾಗದ ಬೆನ್ನುನೋವು ಇರಬಹುದು. ಅಂಥವರಿಗೆ ಸಣ್ಣ ಟಬ್ ಅಥವಾ ಎರಡು ದೊಡ್ಡ ಚೊಂಬು ಸೂಚಿಸಬಹುದು.

ಸ್ಟಿಕ್ಕರ್ ಮೇಲೆ ಯಾರಾದರೂ ಗೀಚಿದರೆ ಗೀಚಿದ್ದನ್ನು ಓದಿ, ಸಾಲಿನಲ್ಲಿ ಉಳಿದ ಮುಳ್ಳು ಎಲ್ಲಿದೆ ಎಂದು ಅದರಲ್ಲೇ ಗೊತ್ತಾಗುತ್ತದೆ. ಯಾರಾದರೂ ನಿಮ್ಮ ಸ್ಟಿಕ್ಕರಿನ ಫೋಟೋ ತೆಗೆದು, ಒಂದು ಮನೆಯ ಹೆಸರು ಸೇರಿಸಿ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದರೆ ಅದನ್ನು ಅಂದೇ ಅಳಿಸಲು ಹೇಳಿ, ಆ ಮನೆಯವರೊಂದಿಗೆ ನೀವೇ ಹೋಗಿ ಮಾತಾಡಿ.